ಅಳಿಸಲೇಬೇಕಾದುದನ್ನು ಮೊದಲು ಮಾಡುವುದೇಕೆ: ಏರೀಸ್ ಚೇತರಿಕೆಯ ಮೂರು ಸುತ್ತು



ಬ್ಯಾಂಕೊಂದರ ಸರ್ವರ್ ಕೆಲಸದ ನಡುವೆಯೇ ನಿಂತುಹೋಯಿತು ಎಂದುಕೊಳ್ಳಿ. ವಿದ್ಯುತ್ ಹೋಗಿರಬಹುದು, ಆಪರೇಟಿಂಗ್ ಸಿಸ್ಟಂ ಕುಸಿದಿರಬಹುದು. ಡಿಸ್ಕ್ ಕೆಟ್ಟಿಲ್ಲ, ಆದರೆ ಮೆಮೊರಿಯಲ್ಲಿದ್ದದ್ದೆಲ್ಲ ಹೋಗಿದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಡೇಟಾಬೇಸ್ ಎರಡು ಮಾತು ಉಳಿಸಿಕೊಳ್ಳಬೇಕು. ಕಮಿಟ್ ಆಯಿತು ಎಂದು ಗ್ರಾಹಕರಿಗೆ ಹೇಳಿದ ಪ್ರತಿಯೊಂದು ವಹಿವಾಟೂ ಅಲ್ಲಿರಬೇಕು. ಕಮಿಟ್ ಆಗದೆ ಅರ್ಧಕ್ಕೆ ನಿಂತ ಯಾವ ವಹಿವಾಟಿನ ಕುರುಹೂ ಅಲ್ಲಿರಬಾರದು.

ಈ ಕೆಲಸಕ್ಕೆ ಇಂದು ಬಹುತೇಕ ಪಠ್ಯಪುಸ್ತಕಗಳು ಕಲಿಸುವ ವಿಧಾನದ ಹೆಸರು ಏರೀಸ್. ಐಬಿಎಂ ಸಂಸ್ಥೆಯ ಸಿ. ಮೋಹನ್, ಡಾನ್ ಹೇಡರ್ಲಿ, ಬ್ರೂಸ್ ಲಿಂಡ್ಸೆ, ಹಮೀದ್ ಪಿರಾಹೇಶ್ ಮತ್ತು ಪೀಟರ್ ಶ್ವಾರ್ಟ್ಸ್ ಇದನ್ನು 1992ರ ಮಾರ್ಚ್‌ನಲ್ಲಿ ಎಸಿಎಂನ ಡೇಟಾಬೇಸ್ ನಿಯತಕಾಲಿಕೆಯಲ್ಲಿ ಸುಮಾರು ಎಪ್ಪತ್ತು ಪುಟಗಳ ಲೇಖನವಾಗಿ ಪ್ರಕಟಿಸಿದರು. ಮೊದಲ ಹೆಸರಿನ ಮೋಹನ್ ಮದ್ರಾಸಿನ ಐಐಟಿಯಲ್ಲಿ ಓದಿದವರು. ಕುಸಿತದ ನಂತರ ಏರೀಸ್ ಲಾಗನ್ನು ಮೂರು ಸುತ್ತು ಓದುತ್ತದೆ. ಮೊದಲನೆಯದು ಅನಾಲಿಸಿಸ್, ಎರಡನೆಯದು ರೀಡೂ, ಮೂರನೆಯದು ಅನ್‌ಡೂ. ಈ ಮೂರು ಹೆಸರು ಎಲ್ಲರಿಗೂ ಬಾಯಿಪಾಠ ಇರುತ್ತದೆ. ಆದರೆ ಎರಡನೆಯ ಸುತ್ತಿನಲ್ಲಿ ನಡೆಯುವ ಒಂದು ಕೆಲಸ ಮೊದಲ ಸಲ ಓದುವ ಯಾರನ್ನಾದರೂ ತಡೆದು ನಿಲ್ಲಿಸಬೇಕು. ಅರ್ಧಕ್ಕೆ ನಿಂತ ವಹಿವಾಟುಗಳ ಬದಲಾವಣೆಗಳನ್ನೂ ಏರೀಸ್ ರೀಡೂ ಸುತ್ತಿನಲ್ಲಿ ಮತ್ತೆ ಮಾಡುತ್ತದೆ. ಅವುಗಳನ್ನು ಮುಂದಿನ ಸುತ್ತಿನಲ್ಲಿ ಅಳಿಸಬೇಕು ಎಂದು ಆಗಲೇ ಗೊತ್ತಿದ್ದೂ ಮಾಡುತ್ತದೆ. ಹೇಗೂ ತೆಗೆಯಬೇಕಾದದ್ದನ್ನು ಮೊದಲು ಹಾಕುವುದೇಕೆ? ಇವತ್ತಿನ ಉಪನ್ಯಾಸದ ಪ್ರಶ್ನೆ ಇದೊಂದೇ. ಉತ್ತರವನ್ನು ಸೂತ್ರವಾಗಿ ಹೇಳುವುದಕ್ಕಿಂತ, ಒಂಬತ್ತು ಸಾಲಿನ ಪುಟ್ಟ ಲಾಗನ್ನು ಕೈಯಲ್ಲಿ ಹಿಡಿದು ಲೆಕ್ಕ ಮಾಡಿಯೇ ಕಾಣೋಣ.

ಮೊದಲು ತೊಂದರೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಡೇಟಾಬೇಸಿನ ಮಾಹಿತಿ ಪುಟಗಳಲ್ಲಿ ಇರುತ್ತದೆ. ಒಂದು ಪುಟ ಪೋಸ್ಟ್‌ಗ್ರೆಸ್‌ನಲ್ಲಿ 8 ಕಿಲೋಬೈಟ್, ಇನ್ನೋಡಿಬಿಯಲ್ಲಿ ಸಾಮಾನ್ಯವಾಗಿ 16 ಕಿಲೋಬೈಟ್. ಬದಲಾವಣೆ ನಡೆಯುವುದು ಮೆಮೊರಿಯಲ್ಲಿರುವ ಪುಟದ ಪ್ರತಿಯಲ್ಲಿ. ಅದು ಡಿಸ್ಕಿಗೆ ಯಾವಾಗ ಹೋಗಬೇಕು ಎಂಬುದರಲ್ಲಿ ಡೇಟಾಬೇಸಿಗೆ ಎರಡು ಸ್ವಾತಂತ್ರ್ಯ ಬೇಕು. ಮೆಮೊರಿ ತುಂಬಿದಾಗ, ಕಮಿಟ್ ಆಗದ ಬದಲಾವಣೆ ಇರುವ ಪುಟವನ್ನೂ ಡಿಸ್ಕಿಗೆ ತಳ್ಳುವ ಸ್ವಾತಂತ್ರ್ಯ ಒಂದು. ವಹಿವಾಟು ಕಮಿಟ್ ಆದ ಕ್ಷಣದಲ್ಲೇ ಅದು ಮುಟ್ಟಿದ ಎಲ್ಲ ಪುಟಗಳನ್ನೂ ಡಿಸ್ಕಿಗೆ ಬರೆಯದೆ ಇರುವ ಸ್ವಾತಂತ್ರ್ಯ ಇನ್ನೊಂದು. ಈ ಎರಡೂ ಇಲ್ಲದಿದ್ದರೆ ವ್ಯವಸ್ಥೆ ತೆವಳುತ್ತದೆ. ಎರಡೂ ಇದ್ದರೆ ಕುಸಿತದ ಹೊತ್ತಿಗೆ ಡಿಸ್ಕಿನಲ್ಲಿ ಇರಬಾರದ್ದು ಇರುತ್ತದೆ, ಇರಬೇಕಾದದ್ದು ಇರುವುದಿಲ್ಲ. ಮೊದಲನೆಯದಕ್ಕೆ ಅನ್‌ಡೂ ಬೇಕು, ಎರಡನೆಯದಕ್ಕೆ ರೀಡೂ ಬೇಕು.

ಎರಡಕ್ಕೂ ಆಧಾರ ಲಾಗ್. ನಮ್ಮ ಅಂಗಡಿಗಳ ಲೆಕ್ಕದಲ್ಲಿ ಕಿರ್ದಿ ಪುಸ್ತಕಕ್ಕೆ ಬರೆಯದೆ ಯಾವ ಮೊತ್ತವನ್ನೂ ಖಾತೆಗೆ ಏರಿಸಬಾರದು ಎಂಬ ಶಿಸ್ತು ಇದೆಯಲ್ಲ, ಇಲ್ಲಿಯೂ ಅದೇ ಶಿಸ್ತು. ಒಂದು ಪುಟ ಡಿಸ್ಕಿಗೆ ಹೋಗುವ ಮುನ್ನ, ಆ ಪುಟದ ಕೊನೆಯ ಬದಲಾವಣೆಯ ತನಕದ ಲಾಗ್ ಡಿಸ್ಕಿನಲ್ಲಿ ಕೂತಿರಬೇಕು. ಕಮಿಟ್ ನಮೂದು ಡಿಸ್ಕಿಗೆ ಸೇರಿದ ಮೇಲಷ್ಟೇ ಗ್ರಾಹಕರಿಗೆ ‘ಆಯಿತು’ ಎಂದು ಹೇಳಬೇಕು. ಲಾಗಿನ ಪ್ರತಿ ನಮೂದಿಗೂ ಏರುತ್ತಲೇ ಹೋಗುವ ಒಂದು ಸಂಖ್ಯೆ ಇರುತ್ತದೆ, ಅದು ಎಲ್‌ಎಸ್‌ಎನ್. ಏರೀಸಿನ ಜೀವಾಳವಾದ ಒಂದು ಏರ್ಪಾಡು ಇಲ್ಲೇ ಇದೆ: ಪ್ರತಿ ಪುಟದ ತಲೆಯಲ್ಲಿ, ಆ ಪುಟಕ್ಕೆ ಕೊನೆಯದಾಗಿ ತಟ್ಟಿದ ನಮೂದಿನ ಎಲ್‌ಎಸ್‌ಎನ್ ಬರೆದಿರುತ್ತದೆ. ಅದನ್ನು `pageLSN` ಎನ್ನುತ್ತಾರೆ. ಪುಟಕ್ಕೆ ಒಂದೇ ಒಂದು ಸಂಖ್ಯೆ. ಆ ‘ಒಂದೇ’ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ನಮ್ಮ ಲಾಗ್. P1 ಪುಟದಲ್ಲಿ A ಮತ್ತು B ಖಾತೆಗಳಿವೆ, P2ರಲ್ಲಿ C, P3ರಲ್ಲಿ D ಮತ್ತು E. ಆರಂಭದಲ್ಲಿ A ಖಾತೆಯಲ್ಲಿ 5000 ರೂಪಾಯಿ, Bಯಲ್ಲಿ 800, Cಯಲ್ಲಿ 3000, Dಯಲ್ಲಿ 2000, Eಯಲ್ಲಿ 1200. T1 ಎಂಬ ವಹಿವಾಟು Aಯಿಂದ Dಗೆ 1000 ಕಳಿಸಿ, Aಯಿಂದ 10 ರೂಪಾಯಿ ಶುಲ್ಕ ಕಡಿಯುತ್ತದೆ. ಶುಲ್ಕ ಬ್ಯಾಂಕಿನ ಯಾವ ಖಾತೆಗೆ ಜಮೆಯಾಯಿತು ಎಂಬುದನ್ನು ಲಾಗ್ ಚಿಕ್ಕದಿರಲೆಂದು ಬಿಟ್ಟಿದ್ದೇನೆ. T2 ಎಂಬುದು Eಯಿಂದ Cಗೆ 500 ಕಳಿಸುತ್ತದೆ. T3 ಎಂಬುದು Bಯಿಂದ 200 ತೆಗೆದಿದೆ, ಮುಂದಿನ ಹೆಜ್ಜೆ ಇಟ್ಟಿಲ್ಲ.

```
LSN  Txn  Record              prevLSN
10   T1   update P1: A -1000  -
20   T2   update P2: C +500   -
30        begin_checkpoint
40        end_checkpoint
50   T1   update P3: D +1000  10
60   T3   update P1: B -200   -
70   T2   update P3: E -500   20
80   T1   update P1: A -10    50
90   T1   commit              80
```

90ರ ನಂತರ ಕುಸಿತ. ಕೊನೆಯ ಕಂಬಸಾಲು ಅದೇ ವಹಿವಾಟಿನ ಹಿಂದಿನ ನಮೂದು ಯಾವುದು ಎಂದು ಹೇಳುತ್ತದೆ. ಹೀಗೆ ಪ್ರತಿ ವಹಿವಾಟಿನ ನಮೂದುಗಳೂ ಹಿಮ್ಮುಖವಾಗಿ ಸರಪಳಿಯಂತೆ ಜೋಡಿಸಿಕೊಂಡಿವೆ. ಇನ್ನೊಂದನ್ನು ಗಮನಿಸಿ. ಲಾಗ್ ‘A ಈಗ 4000’ ಎಂದು ಬರೆದಿಲ್ಲ, ‘Aಯಲ್ಲಿ 1000 ಕಡಿಮೆ ಮಾಡು’ ಎಂದು ಬರೆದಿದೆ. ಇಂಥ ನಮೂದನ್ನು ಎರಡು ಸಲ ಅನ್ವಯಿಸಿದರೆ 2000 ಹೋಗುತ್ತದೆ. ಹಾಗಾಗಿ ಯಾವುದು ಪುಟಕ್ಕೆ ತಟ್ಟಿದೆ, ಯಾವುದು ತಟ್ಟಿಲ್ಲ ಎಂಬುದು ತಪ್ಪಿಲ್ಲದೆ ತಿಳಿಯಬೇಕು. ನಾನು ಬೇಕೆಂದೇ ಇಂಥ ನಮೂದುಗಳನ್ನು ಆರಿಸಿದ್ದೇನೆ. ಹಳೆಯ ಮೌಲ್ಯ, ಹೊಸ ಮೌಲ್ಯ ಎಂದು ಬರೆದ ಲಾಗಿನಲ್ಲಿ ಎಷ್ಟೋ ತಪ್ಪುಗಳು ಅದೃಷ್ಟದಿಂದ ಮುಚ್ಚಿಹೋಗುತ್ತವೆ, ಇಲ್ಲಿ ಮುಚ್ಚುವುದಿಲ್ಲ.

ಕುಸಿತದ ಹೊತ್ತಿಗೆ ಡಿಸ್ಕಿನಲ್ಲಿದ್ದ ಪುಟಗಳು ಹೀಗಿವೆ.

```
P1  pageLSN 0    A 5000  B 800
P2  pageLSN 20   C 3500
P3  pageLSN 70   D 3000  E 700
```

P1 ಒಮ್ಮೆಯೂ ಡಿಸ್ಕಿಗೆ ಹೋಗಿಲ್ಲ. P2 ಚೆಕ್‌ಪಾಯಿಂಟಿನ ನಂತರ ಯಾವಾಗಲೋ ಹೋಗಿದೆ. P3 70ನೇ ನಮೂದಿನ ನಂತರ ಹೋಗಿದೆ. ಅಂದರೆ ಕಮಿಟ್ ಆಗದ T2ರ ಎರಡೂ ಬದಲಾವಣೆಗಳು ಡಿಸ್ಕಿನಲ್ಲಿವೆ, ಕಮಿಟ್ ಆದ T1ರ ಬದಲಾವಣೆಗಳಲ್ಲಿ ಎರಡು ಡಿಸ್ಕಿನಲ್ಲಿ ಇಲ್ಲ. T2 ತನ್ನ ಲೆಕ್ಕದ ಕೆಲಸವನ್ನೆಲ್ಲ ಮುಗಿಸಿತ್ತು, ಹಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ಸರಿದಿತ್ತು. ಆದರೂ ಕಮಿಟ್ ನಮೂದು ಇಲ್ಲದಿರುವುದರಿಂದ ಅದು ಅಪೂರ್ಣವೇ.

ಅನಾಲಿಸಿಸ್ ಸುತ್ತು ಲಾಗಿನ ಮೊದಲ ಸಾಲಿನಿಂದ ಶುರುವಾಗುವುದಿಲ್ಲ. ಕೊನೆಯ ಚೆಕ್‌ಪಾಯಿಂಟ್ ಎಲ್ಲಿದೆ ಎಂಬುದು ಡಿಸ್ಕಿನ ಒಂದು ಗೊತ್ತಾದ ಜಾಗದಲ್ಲಿ ಬರೆದಿರುತ್ತದೆ. ಅದು 30 ಎನ್ನುತ್ತದೆ. ಏರೀಸಿನ ಚೆಕ್‌ಪಾಯಿಂಟ್ ಯಾವ ಪುಟವನ್ನೂ ಡಿಸ್ಕಿಗೆ ತಳ್ಳುವುದಿಲ್ಲ, ಯಾವ ವಹಿವಾಟನ್ನೂ ನಿಲ್ಲಿಸುವುದಿಲ್ಲ. ಆ ಹೊತ್ತಿಗೆ ನಡೆಯುತ್ತಿದ್ದ ವಹಿವಾಟುಗಳ ಪಟ್ಟಿಯನ್ನೂ ಡಿಸ್ಕಿಗೆ ಹೋಗದೆ ಮೆಮೊರಿಯಲ್ಲಿ ಬದಲಾಗಿ ಕೂತಿದ್ದ ಪುಟಗಳ ಪಟ್ಟಿಯನ್ನೂ 40ನೇ ನಮೂದಿನಲ್ಲಿ ಬರೆದಿಡುತ್ತದೆ, ಅಷ್ಟೆ. ನಮ್ಮ 40ರಲ್ಲಿ ಬರೆದಿರುವುದು ಇದು: T1ರ ಕೊನೆಯ ನಮೂದು 10, T2ರದು 20. P1 ಬದಲಾದದ್ದು 10ರಿಂದ, P2 ಬದಲಾದದ್ದು 20ರಿಂದ. ಪುಟವೊಂದು ಎಲ್ಲಿಂದ ಬದಲಾಗತೊಡಗಿತು ಎಂಬ ಈ ಸಂಖ್ಯೆಗೆ `recLSN` ಎಂದು ಹೆಸರು.

ಅಲ್ಲಿಂದ ಮುಂದಕ್ಕೆ ಓದುತ್ತ ಹೋಗುತ್ತೇವೆ. 50ರಲ್ಲಿ P3 ಮೊದಲ ಸಲ ಕಾಣಿಸುತ್ತದೆ, ಪುಟಗಳ ಪಟ್ಟಿಗೆ 50 ಎಂಬ `recLSN` ಜೊತೆ ಸೇರುತ್ತದೆ. 60ರಲ್ಲಿ T3 ಹುಟ್ಟುತ್ತದೆ. P1 ಪಟ್ಟಿಯಲ್ಲಿ ಆಗಲೇ ಇರುವುದರಿಂದ ಅದರ 10 ಬದಲಾಗುವುದಿಲ್ಲ. 70ರಲ್ಲಿ T2ರ ಕೊನೆಯ ನಮೂದು 70 ಆಗುತ್ತದೆ. 80, 90ರಲ್ಲಿ T1 ಮುಂದುವರಿದು ಕಮಿಟ್ ಆಗುತ್ತದೆ. ಲಾಗ್ ಮುಗಿದಾಗ ಕೈಯಲ್ಲಿ ಉಳಿಯುವುದು ಇಷ್ಟು: T1 ಗೆದ್ದಿದೆ, T2 ಮತ್ತು T3 ಸೋತಿವೆ. P1, P2, P3 ಪುಟಗಳಿಗೆ ಕ್ರಮವಾಗಿ 10, 20, 50. ಈ ಮೂರರಲ್ಲಿ ಕನಿಷ್ಠ 10, ಆದ್ದರಿಂದ ರೀಡೂ 10ರಿಂದ ಶುರುವಾಗಬೇಕು.

ಎರಡು ಸಂಗತಿ ಇಲ್ಲಿ ಕಣ್ಣಿಗೆ ಬೀಳಬೇಕು. ರೀಡೂ ಚೆಕ್‌ಪಾಯಿಂಟಿಗಿಂತ ಹಿಂದಕ್ಕೆ ಹೋಗುತ್ತದೆ. P1ನಂಥ ಒಂದು ಬಿಡುವಿಲ್ಲದ ಪುಟ ಡಿಸ್ಕಿಗೆ ಹೋಗದೆ ಉಳಿದರೆ ಸಾಕು, ಎಷ್ಟು ಸಲ ಚೆಕ್‌ಪಾಯಿಂಟ್ ಮಾಡಿದರೂ ರೀಡೂ ಶುರುವಾಗುವ ಜಾಗ ಮುಂದಕ್ಕೆ ಸರಿಯುವುದಿಲ್ಲ. ಹಳೆಯ ಪುಟಗಳನ್ನು ಹಿನ್ನೆಲೆಯಲ್ಲಿ ಡಿಸ್ಕಿಗೆ ಬರೆಯುತ್ತಲೇ ಇರುವ ಕೆಲಸಗಾರ ಪ್ರಕ್ರಿಯೆ ಅದಕ್ಕಾಗಿಯೇ ಬೇಕು. ಎರಡನೆಯದಾಗಿ, ಈ ಪಟ್ಟಿ ನಿಖರವಲ್ಲ. P2 ಮತ್ತು P3 ಡಿಸ್ಕಿನಲ್ಲಿ ಪೂರ್ತಿ ಹೊಸದಾಗಿಯೇ ಇವೆ, ಆದರೂ ಪಟ್ಟಿಯಲ್ಲಿವೆ, ಏಕೆಂದರೆ ಅವು ಡಿಸ್ಕಿಗೆ ಹೋದ ಸುದ್ದಿ ಲಾಗಿನಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ ಪುಟಕ್ಕೆ ರೀಡೂ ಖಂಡಿತ ಬೇಡ, ಇರುವ ಪುಟಕ್ಕೆ ಬೇಕಾಗಬಹುದು. ಅನಾಲಿಸಿಸ್ ಅಷ್ಟನ್ನೇ ಹೇಳಬಲ್ಲದು. ಮಿಕ್ಕದ್ದನ್ನು ಪುಟವನ್ನು ಓದಿಯೇ ತೀರ್ಮಾನಿಸಬೇಕು.

ರೀಡೂ 10ರಿಂದ ಹೊರಡುತ್ತದೆ. ಪ್ರತಿ ನಮೂದಿಗೂ ಒಂದೇ ಪ್ರಶ್ನೆ: ಪುಟದ `pageLSN` ಈ ನಮೂದಿನ ಸಂಖ್ಯೆಗಿಂತ ಚಿಕ್ಕದೇ? ಚಿಕ್ಕದಾದರೆ ಬದಲಾವಣೆ ಪುಟಕ್ಕೆ ತಟ್ಟಿಲ್ಲ, ಈಗ ತಟ್ಟಿಸಬೇಕು. ಅಲ್ಲವಾದರೆ ಬಿಡಬೇಕು. 10ನೇ ನಮೂದಿಗಾಗಿ P1 ಓದುತ್ತೇವೆ. ಅದರಲ್ಲಿ 0 ಇದೆ, ಹಾಗಾಗಿ A 4000 ಆಗುತ್ತದೆ, `pageLSN` 10 ಆಗುತ್ತದೆ. 20ಕ್ಕೆ P2 ಓದಿದರೆ ಅಲ್ಲಿ ಆಗಲೇ 20 ಇದೆ, ಬಿಟ್ಟೆವು. 50ಕ್ಕೆ P3 ಓದಿದರೆ ಅಲ್ಲಿ 70, ಬಿಟ್ಟೆವು. 60ನೇ ನಮೂದು ಸೋತ T3ಯದು. P1ರಲ್ಲಿ ಈಗ 10 ಇದೆ, 60ಕ್ಕಿಂತ ಚಿಕ್ಕದು. ಏರೀಸ್ ಯಾರ ನಮೂದು ಎಂದು ಕೇಳುವುದೇ ಇಲ್ಲ. Bಯಿಂದ 200 ಕಡಿಯುತ್ತದೆ, B 600 ಆಗುತ್ತದೆ, `pageLSN` 60 ಆಗುತ್ತದೆ. 70 ಮತ್ತೆ P3, ಬಿಟ್ಟೆವು. 80ಕ್ಕೆ P1ರಲ್ಲಿ 60 ಇದೆ, ಹಾಗಾಗಿ A 3990 ಆಗುತ್ತದೆ, `pageLSN` 80 ಆಗುತ್ತದೆ.

ಈಗ A 3990, B 600, C 3500, D 3000, E 700. ಕುಸಿತದ ಕ್ಷಣದಲ್ಲಿ ಮೆಮೊರಿಯಲ್ಲಿ ಏನಿತ್ತೋ ಅದೇ, ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲ. ಮೋಹನ್ ಮತ್ತು ಸಂಗಡಿಗರು ಇದನ್ನು ಚರಿತ್ರೆಯನ್ನು ಮತ್ತೆ ನಡೆಸುವುದು ಎಂದು ಕರೆದರು. ಈ ಸುತ್ತಿನಲ್ಲಿ ಪುಟಗಳನ್ನು ತಿದ್ದುವಾಗ ಲಾಗಿಗೆ ಹೊಸದೇನೂ ಸೇರುವುದಿಲ್ಲ. ಕೊನೆಗೆ, ಗೆದ್ದ T1 ಮುಗಿಯಿತೆಂದು 100ನೇ ಸಂಖ್ಯೆಯ ಒಂದು ನಮೂದು ಬರೆದು ಅದನ್ನು ಪಟ್ಟಿಯಿಂದ ತೆಗೆಯುತ್ತೇವೆ.

ಇನ್ನು ನಮ್ಮ ಪ್ರಶ್ನೆ. 60ನೇ ನಮೂದನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? ಜಾಣತನ ಅನ್ನಿಸುವ ವಿಧಾನ ಅದೇ: ಗೆದ್ದವರದನ್ನು ಮಾತ್ರ ರೀಡೂ ಮಾಡು, ಸೋತವರದನ್ನು ಮಾತ್ರ ಅನ್‌ಡೂ ಮಾಡು. ಐಬಿಎಂನದೇ ಹಿಂದಿನ ಸಿಸ್ಟಂ ಆರ್ ಹೀಗೆ ಆಯ್ದು ರೀಡೂ ಮಾಡುತ್ತಿತ್ತು. ನಮ್ಮ ಲಾಗಿನ ಮೇಲೆ ಅದನ್ನು ನಡೆಸಿ ನೋಡೋಣ. 10ನ್ನು ಮಾಡಿದೆವು, A 4000. 60 ಸೋತ T3ಯದು, ಬಿಟ್ಟೆವು, B 800 ಆಗಿಯೇ ಉಳಿಯಿತು. 80 ಗೆದ್ದ T1ರದು, ಮಾಡಿದೆವು, A 3990, `pageLSN` 80. ಇನ್ನು ಅನ್‌ಡೂ. T3ಯ 60ನೇ ನಮೂದನ್ನು ಅಳಿಸಬೇಕು. ಅದು ಪುಟಕ್ಕೆ ತಟ್ಟಿದೆಯೇ? ಪುಟದಲ್ಲಿ 80 ಇದೆ. 80 ಎಂಬುದು 60ಕ್ಕಿಂತ ದೊಡ್ಡದು, ಆದ್ದರಿಂದ ತಟ್ಟಿದೆ ಎಂದು ಪುಟ ಹೇಳುತ್ತದೆ. ನಾವು ಅದನ್ನು ನಂಬಿ 200 ಹಿಂದಿರುಗಿಸುತ್ತೇವೆ. B 1000 ಆಗುತ್ತದೆ. ಖಾತೆದಾರರಿಗೆ 200 ರೂಪಾಯಿ ಎಲ್ಲಿಂದಲೋ ಬಂತು.

ಹಾಗಾದರೆ ಇಂಥ ಸಂದರ್ಭದಲ್ಲಿ ಅನ್‌ಡೂ ಮಾಡದೆ ಬಿಡೋಣ ಎಂದರೆ P3 ನೋಡಿ. ಅಲ್ಲಿ T2ರ 70 ನಿಜವಾಗಿಯೂ ಡಿಸ್ಕಿನಲ್ಲಿದೆ, ಬಿಟ್ಟರೆ Eಯ 500 ಹೋದಂತೆಯೇ. P3ರಲ್ಲಿ ‘ತಟ್ಟಿದೆ’ ಎಂಬ ಉತ್ತರ ಸತ್ಯ, P1ರಲ್ಲಿ ಅದೇ ಉತ್ತರ ಸುಳ್ಳು, ಎರಡನ್ನೂ ಹೇಳುತ್ತಿರುವುದು ಒಂದೇ ಪರೀಕ್ಷೆ. ಕಾರಣ ಸ್ಪಷ್ಟ. `pageLSN` 80 ಎಂದರೆ 80ರ ತನಕ ಈ ಪುಟದ ಮೇಲೆ ನಡೆದದ್ದೆಲ್ಲ ಇದರಲ್ಲಿದೆ ಎಂದು ಅರ್ಥ. ಒಂದೇ ಸಂಖ್ಯೆ ಇಡೀ ಚರಿತ್ರೆಯ ಪರವಾಗಿ ಮಾತನಾಡಬೇಕಾದರೆ ಆ ಚರಿತ್ರೆಯಲ್ಲಿ ತೂತು ಇರಬಾರದು. ಸೋತವರ ನಮೂದನ್ನು ಹಾರಿಸಿ ಮುಂದಿನದನ್ನು ಹಾಕಿದ ಕ್ಷಣವೇ ತೂತು ಬೀಳುತ್ತದೆ, ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಸೋತವರ ಕೆಲಸವನ್ನೂ ಮತ್ತೆ ಮಾಡುವುದು ಈ ಸಂಖ್ಯೆಯನ್ನು ಸತ್ಯವಾಗಿ ಉಳಿಸಲು ಕೊಡುವ ಬೆಲೆ.

ಈ ತೊಂದರೆ ಯಾವಾಗ ಬರುತ್ತದೆ ಎಂಬುದನ್ನೂ ನೋಡಬೇಕು. ಬೀಗ ಇಡೀ ಪುಟಕ್ಕೆ ಬಿದ್ದರೆ ಇದು ಬರುವುದೇ ಇಲ್ಲ. 10ರಿಂದಲೇ T1 P1ನ್ನು ಹಿಡಿದಿರುತ್ತಿತ್ತು, T3 ಆ ಪುಟಕ್ಕೆ 60ನೇ ನಮೂದನ್ನು ಬರೆಯಲು ಸಾಧ್ಯವೇ ಇರುತ್ತಿರಲಿಲ್ಲ. ಸೋತವರ ನಮೂದಿನ ನಂತರ ಅದೇ ಪುಟದಲ್ಲಿ ಗೆದ್ದವರ ನಮೂದು ಬರುವುದು, ಬೀಗ ಒಂದೊಂದು ಸಾಲಿಗೆ ಬೀಳುವಾಗ. ನೂರಾರು ಖಾತೆಗಳಿರುವ ಪುಟಕ್ಕೆ ಇಡಿಯಾಗಿ ಬೀಗ ಹಾಕಿದರೆ ಜನ ಸಾಲುಗಟ್ಟಿ ಕಾಯಬೇಕಾಗುತ್ತದೆ. ಅದಕ್ಕೇ ಸಾಲಿನ ಬೀಗ ಬೇಕಾಯಿತು, ಅದು ಬಂದದ್ದರಿಂದ ಆಯ್ದು ರೀಡೂ ಮಾಡುವ ಹಳೆಯ ರೂಢಿ ಮುರಿಯಿತು. ಏರೀಸನ್ನು ಬರಿಯ ಮೂರು ಸುತ್ತುಗಳ ವಿಧಾನವೆಂದು ಕಲಿಸುವವರು ಈ ಎಳೆಯನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದರ ತಿರುಳು ಇಲ್ಲಿದೆ.

ಮೂರನೆಯ ಸುತ್ತು ಹಿಂದಕ್ಕೆ ನಡೆಯುತ್ತದೆ. ಸೋತ ಎಲ್ಲ ವಹಿವಾಟುಗಳ ಕೊನೆಯ ನಮೂದುಗಳನ್ನು ಒಟ್ಟಿಗೆ ಇಟ್ಟುಕೊಂಡು, ಪ್ರತಿ ಸಲವೂ ಅವುಗಳಲ್ಲಿ ದೊಡ್ಡದನ್ನು ಎತ್ತಿಕೊಳ್ಳುತ್ತೇವೆ. ಈಗ ಇರುವುದು T2ರ 70, T3ಯ 60. ಚರಿತ್ರೆ ಪೂರ್ತಿ ನಡೆದಿರುವುದರಿಂದ ಇಲ್ಲಿ `pageLSN` ಕೇಳುವ ಅಗತ್ಯವಿಲ್ಲ, ಅಳಿಸಬೇಕಾದದ್ದೆಲ್ಲ ಪುಟದಲ್ಲಿ ಇದ್ದೇ ಇದೆ. 70ನ್ನು ಅಳಿಸುತ್ತೇವೆ: Eಗೆ 500 ಮರಳಿ, 1200. ಆದರೆ ಸುಮ್ಮನೆ ಅಳಿಸುವುದಿಲ್ಲ. ಅಳಿಸಿದ ಕೆಲಸವನ್ನೇ ಒಂದು ಹೊಸ ಬದಲಾವಣೆಯಂತೆ ಲಾಗಿಗೆ ಬರೆಯುತ್ತೇವೆ. ಈ ಪರಿಹಾರ ನಮೂದಿಗೆ ಸಿಎಲ್‌ಆರ್ ಎಂದು ಹೆಸರು. ಅದರಲ್ಲಿ `undoNext` ಎಂಬ ಒಂದು ಗುರುತು ಇರುತ್ತದೆ, ಈ ವಹಿವಾಟಿನಲ್ಲಿ ಇನ್ನು ಮುಂದೆ ಅಳಿಸಬೇಕಾದ ನಮೂದು ಯಾವುದು ಎಂದು ಅದು ತೋರಿಸುತ್ತದೆ. 70ರ ಹಿಂದಿನದು 20, ಆದ್ದರಿಂದ ಅಲ್ಲಿ 20 ಎಂದು ಬರೆಯುತ್ತೇವೆ.

```
LSN  Txn  Record               undoNext
100  T1   end
110  T2   CLR P3: E +500       20
120  T3   CLR P1: B +200       -
130  T3   end
140  T2   CLR P2: C -500       -
150  T2   end
```

110ರ ನಂತರ ಉಳಿದಿರುವುದು 60 ಮತ್ತು 20. ದೊಡ್ಡದು 60, Bಗೆ 200 ಮರಳಿ 800. T3ಯಲ್ಲಿ ಇನ್ನೇನೂ ಇಲ್ಲ, ಅದು ಮುಗಿಯಿತು. ಕೊನೆಗೆ 20, Cಯಿಂದ 500 ಹಿಂದಕ್ಕೆ, 3000. ಅಂತಿಮ ಲೆಕ್ಕ A 3990, B 800, C 3000, D 3000, E 1200. T1 ಪೂರ್ತಿ ಉಳಿಯಿತು, T2 ಮತ್ತು T3 ಬಂದೇ ಇಲ್ಲವೇನೋ ಎಂಬಂತೆ ಹೋದವು. ಹೊಸ ನಮೂದುಗಳಿಗೆ 100ರಿಂದ ಸಂಖ್ಯೆ ಕೊಟ್ಟದ್ದರಲ್ಲಿ ಅಪಾಯವಿಲ್ಲ. ಕುಸಿತದ ಮುನ್ನ ಮೆಮೊರಿಯಲ್ಲಿ 100ನೇ ನಮೂದೊಂದು ಇದ್ದು ಕಳೆದುಹೋಗಿದ್ದರೂ, ಲಾಗಿಗಿಂತ ಮುಂದೆ ಯಾವ ಪುಟವೂ ಡಿಸ್ಕಿಗೆ ಹೋಗುವಂತಿಲ್ಲವಾದ್ದರಿಂದ, ಆ ಹಳೆಯ ಸಂಖ್ಯೆ ಹೊತ್ತ ಪುಟ ಡಿಸ್ಕಿನಲ್ಲಿ ಇರಲಾರದು.

ಸಿಎಲ್‌ಆರ್ ಏಕೆ ಬೇಕು ಎಂಬುದು ಎಲ್ಲ ಸರಿಯಾಗಿ ನಡೆದಾಗ ತಿಳಿಯುವುದಿಲ್ಲ. ಚೇತರಿಕೆಯ ನಡುವೆಯೇ ಮತ್ತೆ ಕುಸಿದಾಗ ತಿಳಿಯುತ್ತದೆ. ಇದು ಕಲ್ಪನೆಯ ಮಾತಲ್ಲ. ವಿದ್ಯುತ್ ಬಂದು ಹೋಗಿ ಮಾಡುವಾಗ, ಅಥವಾ ಬಹಳ ಹೊತ್ತು ತೆಗೆದುಕೊಂಡಿತೆಂದು ಯಾರೋ ಅವಸರಪಟ್ಟು ಸರ್ವರನ್ನು ಇನ್ನೊಮ್ಮೆ ನಿಲ್ಲಿಸಿ ಚಾಲೂ ಮಾಡಿದಾಗ, ಇದೇ ಆಗುತ್ತದೆ. 120ರ ತನಕ ಲಾಗ್ ಡಿಸ್ಕಿಗೆ ಸೇರಿದೆ, P3 ಪುಟ `pageLSN` 110ರೊಂದಿಗೆ ಡಿಸ್ಕಿಗೆ ಹೋಗಿದೆ, P1 ಮತ್ತು P2 ಡಿಸ್ಕಿನಲ್ಲಿ ಮೊದಲಿನಂತೆಯೇ ಇವೆ, ಆಗ ಕುಸಿತ ಎಂದುಕೊಳ್ಳಿ. ಚೇತರಿಕೆ ಮೊದಲಿನಿಂದ ಶುರು. ಅನಾಲಿಸಿಸ್ 30ರಿಂದಲೇ ಹೊರಟು, ಈ ಸಲ 100ರಲ್ಲಿ T1 ಮುಗಿದದ್ದನ್ನು ನೋಡಿ ಅದನ್ನು ಕೈಬಿಡುತ್ತದೆ. T2ರ ಕೊನೆಯ ನಮೂದು 110, T3ಯದು 120. ರೀಡೂ P1ರ ಮೇಲೆ 10, 60, 80 ಮತ್ತು 120 ನಾಲ್ಕನ್ನೂ ಅನುಕ್ರಮವಾಗಿ ನಡೆಸುತ್ತದೆ. ಸಿಎಲ್‌ಆರ್ ಕೂಡ ಒಂದು ಬದಲಾವಣೆಯೇ ಆದ್ದರಿಂದ ಅದಕ್ಕೂ ರೀಡೂ ಇದೆ. B 600ಕ್ಕೆ ಇಳಿದು ಮತ್ತೆ 800ಕ್ಕೆ ಏರುತ್ತದೆ. P3ರಲ್ಲಿ 110 ಇರುವುದರಿಂದ 50, 70, 110 ಮೂರನ್ನೂ ಬಿಡುತ್ತದೆ.

ಅನ್‌ಡೂ ಮೊದಲು ದೊಡ್ಡದಾದ T3ಯ 120ನ್ನು ಎತ್ತಿಕೊಳ್ಳುತ್ತದೆ. ಅದರಲ್ಲಿ ಮುಂದೆ ಏನೂ ಇಲ್ಲ, ‘ಮುಗಿಯಿತು’ ಎಂದು ಬರೆದು ಬಿಡುತ್ತದೆ. ಆಮೇಲೆ T2ರ 110ನ್ನು ಎತ್ತಿಕೊಳ್ಳುತ್ತದೆ. ಅದು ಸಿಎಲ್‌ಆರ್. ಸಿಎಲ್‌ಆರ್‌ಗೆ ಎಂದೂ ಅನ್‌ಡೂ ಇಲ್ಲ. ಅದರ `undoNext` 20 ಎನ್ನುತ್ತದೆ, 70ನ್ನು ಮುಟ್ಟದೆ ನೇರ 20ಕ್ಕೆ ಹಾರುತ್ತದೆ. Cಯಿಂದ 500 ತೆಗೆದರೆ ಕೆಲಸ ಪೂರ್ತಿ. ಸಿಎಲ್‌ಆರ್ ಬರೆಯದೆ ಅಳಿಸಿದ್ದರೆ ಎರಡನೆಯ ಚೇತರಿಕೆ 70ನ್ನು ಮತ್ತೆ ಅಳಿಸುತ್ತಿತ್ತು. P3ರಲ್ಲಿ ಆಗಲೇ 1200 ಆಗಿದ್ದ E 1700ಕ್ಕೆ ಏರುತ್ತಿತ್ತು. ಸಿಎಲ್‌ಆರ್ ಬರೆದು, ಅದನ್ನೂ ಅಳಿಸಬಹುದಾದ ಮಾಮೂಲಿ ನಮೂದಿನಂತೆ ಕಂಡಿದ್ದರೆ, ಅಳಿಸಿದ್ದನ್ನು ಅಳಿಸಿ ಮತ್ತೆ ಅಳಿಸುತ್ತ, ಪ್ರತಿ ಕುಸಿತಕ್ಕೂ ಲಾಗ್ ಬೆಳೆಯುತ್ತಿತ್ತು. ಏರೀಸಿನಲ್ಲಿ ಎಷ್ಟು ಸಲ ಕುಸಿದರೂ T2ಗೆ ಸೇರಿದ ಸಿಎಲ್‌ಆರ್ ಎರಡೇ, ಅಳಿಸಬೇಕಾದ ನಮೂದಿಗೆ ಒಂದರಂತೆ. ಅಂದರೆ ಅವಸರಪಟ್ಟು ಸರ್ವರ್ ನಿಲ್ಲಿಸಿದವರು ಮಾಹಿತಿ ಕೆಡಿಸಿರುವುದಿಲ್ಲ, ತಮ್ಮ ಸಮಯವನ್ನಷ್ಟೇ ಕಳೆದುಕೊಂಡಿರುತ್ತಾರೆ. ಅನಾಲಿಸಿಸ್ ಮತ್ತು ರೀಡೂ ಮೊದಲಿನಿಂದ ನಡೆಯಬೇಕು.

ಇಷ್ಟು ಹೇಳಿದ ಮೇಲೆ ಇದರ ಮಿತಿಗಳನ್ನೂ ಹೇಳಬೇಕು. ಆರು ಗಂಟೆ ಓಡಿ ಕೋಟಿ ಸಾಲು ಬದಲಿಸಿದ ಒಂದು ವಹಿವಾಟು ಕಮಿಟ್‌ಗೆ ಸ್ವಲ್ಪ ಮುಂಚೆ ಕುಸಿದರೆ ಅಷ್ಟನ್ನೂ ಒಂದೊಂದಾಗಿ ಹಿಂದಕ್ಕೆ ನಡೆಯಬೇಕು. ಎಸ್‌ಕ್ಯುಎಲ್ ಸರ್ವರ್ ಬಳಸುವವರು ಈ ಕಾಯುವಿಕೆಯನ್ನು ಚೆನ್ನಾಗಿ ಬಲ್ಲರು. ಅದರ 2019ರ ಆವೃತ್ತಿ ಸಾಲುಗಳ ಹಳೆಯ ರೂಪಗಳನ್ನು ಡೇಟಾಬೇಸಿನೊಳಗೇ ಇಟ್ಟುಕೊಂಡು ಈ ದೀರ್ಘ ಅನ್‌ಡೂವನ್ನು ತಪ್ಪಿಸುವ ದಾರಿ ತಂದಿತು. ಪೋಸ್ಟ್‌ಗ್ರೆಸ್‌ನಲ್ಲಂತೂ ಅನ್‌ಡೂ ಸುತ್ತೇ ಇಲ್ಲ. ಅಲ್ಲಿ ಸಾಲು ಬದಲಾದಾಗ ಹಳೆಯದು ಟೇಬಲ್ಲಿನಲ್ಲೇ ಉಳಿಯುತ್ತದೆ, ಸೋತ ವಹಿವಾಟು ಬರೆದ ಹೊಸ ಸಾಲನ್ನು ಯಾರೂ ನೋಡುವುದಿಲ್ಲ, ಅದನ್ನು ಗುಡಿಸುವ ಕೆಲಸ ಮುಂದೆಂದೋ ನಡೆಯುತ್ತದೆ. ಅನ್‌ಡೂ ಬಿಟ್ಟ ಇವರೂ ರೀಡೂ ಬಿಟ್ಟಿಲ್ಲ, ಪುಟದ ತಲೆಯ ಆ ಒಂದು ಸಂಖ್ಯೆಯನ್ನೂ ಬಿಟ್ಟಿಲ್ಲ.

ಇಡೀ ವಿಧಾನ ಆ ಸಂಖ್ಯೆಯ ಮೇಲೆ ನಿಂತಿರುವುದರಿಂದ, ಅದು ಕೆಟ್ಟರೆ ಎಲ್ಲವೂ ಕೆಡುತ್ತದೆ. ಅದು ಕೆಡುವ ಒಂದು ಬಗೆ ಹರಿದ ಪುಟ. 16 ಕಿಲೋಬೈಟಿನ ಪುಟವನ್ನು ಬರೆಯುವ ನಡುವೆ ವಿದ್ಯುತ್ ಹೋದರೆ ಮೊದಲರ್ಧ ಹೊಸದು, ಉಳಿದರ್ಧ ಹಳೆಯದು ಆಗಬಹುದು. `pageLSN` ಇರುವುದು ತಲೆಯಲ್ಲಿ. ಅದು 80 ಎನ್ನುತ್ತದೆ, ಕೆಳಗಿನ ಸಾಲುಗಳು 10ರ ಕಾಲದವು. ರೀಡೂ ತಲೆಯನ್ನು ನಂಬಿ 60ನ್ನು ಬಿಡುತ್ತದೆ. ಇದನ್ನು ಪುಟದ ಚೆಕ್‌ಸಮ್ ಹಿಡಿಯಬಲ್ಲದು, ಸರಿಪಡಿಸಲಾರದು. ಸರಿಪಡಿಸಲು ಇನ್ನೋಡಿಬಿ ಪ್ರತಿ ಪುಟವನ್ನೂ ಮೊದಲು ಬೇರೊಂದು ಜಾಗದಲ್ಲಿ ಬರೆದು ಆಮೇಲೆ ಅದರ ಜಾಗದಲ್ಲಿ ಬರೆಯುತ್ತದೆ. ಪೋಸ್ಟ್‌ಗ್ರೆಸ್ ಚೆಕ್‌ಪಾಯಿಂಟಿನ ನಂತರ ಪುಟ ಮೊದಲ ಸಲ ಬದಲಾದಾಗ ಇಡೀ ಪುಟವನ್ನೇ ಲಾಗಿಗೆ ಹಾಕುತ್ತದೆ. `full_page_writes` ಎಂಬ ಆಯ್ಕೆ ಅದೇ. ವೇಗ ಹೆಚ್ಚುತ್ತದೆ ಎಂದು ಅದನ್ನು ಆಫ್ ಮಾಡುವವರು ಯಾವುದನ್ನು ಪಣಕ್ಕಿಡುತ್ತಿದ್ದಾರೆ ಎಂಬುದು ಈಗ ನಿಮಗೆ ಗೊತ್ತು.

ಇನ್ನೊಂದು ಬಗೆ, ಲಾಗ್ ಮೊದಲು ಎಂಬ ಶಿಸ್ತು ಕೆಳಗಿನ ಹಂತದಲ್ಲಿ ಮುರಿಯುವುದು. ಲಾಗ್ ಬರೆದಾಯಿತು ಎಂದು ಡಿಸ್ಕ್ ಹೇಳಿತು, ಆದರೆ ಅದು ಡಿಸ್ಕಿನ ಸ್ವಂತ ಕ್ಯಾಷ್‌ನಲ್ಲೇ ಇತ್ತು. ಅದರ ನಂತರದ ಪುಟ ಮಾತ್ರ ನಿಜವಾಗಿ ಒಳಗೆ ಸೇರಿತು, ಆಗ ವಿದ್ಯುತ್ ಹೋಯಿತು. ಮತ್ತೆ ಚಾಲೂ ಮಾಡಿದಾಗ ಲಾಗ್ 90ಕ್ಕೆ ಮುಗಿಯುತ್ತದೆ, ಪುಟವೊಂದರ ತಲೆಯಲ್ಲಿ 120 ಇರುತ್ತದೆ. ಲಾಗಿನ ಕಡತ ಒಂದು ದಿನದ್ದು, ಮಾಹಿತಿಯ ಕಡತ ಇನ್ನೊಂದು ದಿನದ್ದು ಎಂಬಂತೆ ಬೇರೆ ಬೇರೆ ಬ್ಯಾಕಪ್‌ಗಳಿಂದ ತಂದು ಜೋಡಿಸಿದಾಗಲೂ ಹೀಗೇ ಆಗುತ್ತದೆ. ಇನ್ನೋಡಿಬಿಯ ದೋಷಗಳ ಕಡತದಲ್ಲಿ ಆಗ ಕಾಣುವ ಸಾಲಿನ ತಿರುಳು ಇದು:

```
log sequence number ... is in the future!
```

ಈ ಸಾಲನ್ನು ಕಂಡವರು ಲಾಗ್ ಕಡತಗಳನ್ನು ಅಳಿಸಿ ಹೊಸದಾಗಿ ಚಾಲೂ ಮಾಡಲು ಹೋಗುವುದುಂಟು. ಹಾಗೆ ಮಾಡಬಾರದು. ಪುಟದಲ್ಲಿರುವ ಬದಲಾವಣೆ ಗೆದ್ದವರದೋ ಸೋತವರದೋ ಎಂದು ಹೇಳಬಲ್ಲ ನಮೂದು ಈಗ ಎಲ್ಲಿಯೂ ಇಲ್ಲ. ಅನಾಲಿಸಿಸ್ ಸುತ್ತಿಗೆ ಅದು ಕಾಣುವುದಿಲ್ಲ, ಅನ್‌ಡೂ ಅದನ್ನು ತಲುಪುವುದಿಲ್ಲ. ಉಳಿದ ನಮೂದುಗಳನ್ನೂ ಅಳಿಸಿದರೆ ಇನ್ನಷ್ಟು ಪುಟಗಳಿಗೆ ಅದೇ ಗತಿ. ಇದ್ದ ಕಡತಗಳನ್ನು ಮೊದಲು ಹಾಗೆಯೇ ನಕಲು ಮಾಡಿಟ್ಟು, ಒಂದೇ ಹೊತ್ತಿಗೆ ಸೇರಿದ ಬ್ಯಾಕಪ್ಪನ್ನೂ ಅದರ ಮುಂದಿನ ಲಾಗನ್ನೂ ಹುಡುಕಿ ಅಲ್ಲಿಂದ ರೀಡೂ ನಡೆಸಿಕೊಂಡು ಬರಬೇಕು.